ಕುಷ್ಠ ಬಂದು ಹೋದವರು, ಎಚ್‌ಐವಿ ಇರುವವರು: ಆರೋಗ್ಯ ಕರಪತ್ರಗಳ ಕನ್ನಡ

ಡಿಸೆಂಬರ್ 1 ವಿಶ್ವ ಏಡ್ಸ್ ದಿನ. ಜನವರಿ 30, ಗಾಂಧೀಜಿ ಹುತಾತ್ಮರಾದ ದಿನ, ನಮ್ಮಲ್ಲಿ ಕುಷ್ಠರೋಗ ವಿರೋಧಿ ದಿನ. ಎರಡರ ನಡುವೆ ಎರಡೇ ತಿಂಗಳು. ಎರಡಕ್ಕೂ ಜಾಥಾ, ಬ್ಯಾನರ್, ಕರಪತ್ರ, ಪ್ರತಿಜ್ಞೆ ಇರುತ್ತವೆ. 2017ರಲ್ಲಿ ಶುರುವಾದ ಸ್ಪರ್ಶ್ ಅಭಿಯಾನದಿಂದಾಗಿ ಕುಷ್ಠರೋಗದ ಪ್ರತಿಜ್ಞೆ ಗ್ರಾಮಸಭೆಗೂ ಬಂದಿದೆ. ಈ ಎರಡು ದಿನಗಳ ಕನ್ನಡವನ್ನು ಪಕ್ಕಪಕ್ಕ ಇಟ್ಟು ಓದಿದರೆ ಕಾಯಿಲೆಯ ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ. ‘ಪೀಡಿತರು’, ‘ಕಳಂಕ’, ‘ಶಾಪವಲ್ಲ’, ‘ಮುಖ್ಯವಾಹಿನಿಗೆ ತರೋಣ’, ‘ವಿರುದ್ಧ ಹೋರಾಡೋಣ’. ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಈ ಎರಡು ಕಾಯಿಲೆಗಳ ವಿಷಯದಲ್ಲಿ ಜನರಿಗೆ ಗೊತ್ತಾಗಬೇಕಾದ ಮುಖ್ಯ ಸಂಗತಿಗಳು ಒಂದಕ್ಕೊಂದು ವಿರುದ್ಧವಾಗಿವೆ. ಒಂದೇ ಅಚ್ಚಿನ ಮಾತು ಎರಡಕ್ಕೂ ಸುಳ್ಳಾಗುತ್ತದೆ.

ಕುಷ್ಠ ವಾಸಿಯಾಗುತ್ತದೆ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಸೇರಿದ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಕಾಯಿಲೆ ಎಷ್ಟು ಹಬ್ಬಿದೆ ಎಂಬುದನ್ನು ನೋಡಿ 6 ತಿಂಗಳು ಅಥವಾ 12 ತಿಂಗಳು ಮಾತ್ರೆ ನುಂಗಿದರೆ ರೋಗಾಣು ಹೋಗಿಬಿಡುತ್ತದೆ. ಅಲ್ಲಿಗೆ ಆ ವ್ಯಕ್ತಿ ರೋಗಿ ಅಲ್ಲ. ಎಚ್‌ಐವಿ ಹಾಗಲ್ಲ. ಅದು ದೇಹದಿಂದ ಹೋಗುವುದಿಲ್ಲ. ಎಆರ್‌ಟಿ ಮಾತ್ರೆಯನ್ನು ದಿನವೂ ತಪ್ಪದೆ ತೆಗೆದುಕೊಂಡರೆ ಮಾತ್ರ ಅದು ತಲೆ ಎತ್ತದೆ ಇರುತ್ತದೆ, ಮನುಷ್ಯ ಎಲ್ಲರಷ್ಟೇ ಬಾಳುತ್ತಾನೆ. ಹಾಗಾಗಿ ಕುಷ್ಠದ ಮಾತು ಮನುಷ್ಯನನ್ನು ಕಾಯಿಲೆಯಿಂದ ಬಿಡಿಸಬೇಕು, ಎಚ್‌ಐವಿಯ ಮಾತು ಕಾಯಿಲೆಯನ್ನು ಇಟ್ಟುಕೊಂಡೇ ಬಾಳಲು ಜಾಗ ಮಾಡಿಕೊಡಬೇಕು. ‘ಕುಷ್ಠರೋಗಿ’ ಎಂಬ ಪದದ ನಿಜವಾದ ತೊಂದರೆ ಇಲ್ಲಿದೆ. ಇಪ್ಪತ್ತು ವರ್ಷದ ಹಿಂದೆ ಮಾತ್ರೆ ಮುಗಿಸಿದ ಅಜ್ಜಿಯೊಬ್ಬರ ಬೆರಳು ಮಡಚಿಕೊಂಡಿದೆ ಎಂಬ ಒಂದೇ ಕಾರಣಕ್ಕೆ ಅವರನ್ನು ಇವತ್ತಿಗೂ ಆ ಪದದಿಂದ ಕರೆಯುತ್ತೇವೆ. ಅದು ಅಗೌರವ ಮಾತ್ರವಲ್ಲ, ವೈದ್ಯಕೀಯವಾಗಿಯೂ ತಪ್ಪು.

ಈ ಎಚ್ಚರ ಹೊಸದೇನಲ್ಲ. 1948ರಲ್ಲಿ ಹವಾನಾದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಕುಷ್ಠರೋಗ ಸಮ್ಮೇಳನವೇ ‘ಲೆಪರ್’ ಎಂಬ ಪದ ಕೈಬಿಡಿ ಎಂದಿತ್ತು. 2010ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಗಮನಿಸಿದ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ಸರ್ಕಾರಿ ಪ್ರಕಟಣೆಗಳಿಂದ ಆ ಪದವನ್ನಷ್ಟೇ ಅಲ್ಲ, ಯಾವುದೇ ಭಾಷೆಯಲ್ಲಿ, ಯಾವುದೇ ಆಡುಮಾತಿನಲ್ಲಿ ಅದಕ್ಕೆ ಸಮನಾದ ಪದವನ್ನೂ ತೆಗೆಯಬೇಕು ಎಂದಿತು. ಅಂದರೆ ಕನ್ನಡಕ್ಕೂ ಅದು ಅನ್ವಯ. ನಮ್ಮ ದೇಶದಲ್ಲಿ 1898ರ ಲೆಪರ್ಸ್ ಕಾಯ್ದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಲಮುಗಳು ವೈಯಕ್ತಿಕ ಕಾನೂನುಗಳಿಂದ ಹೋದದ್ದು 2019ರಲ್ಲಿ. ಎಚ್‌ಐವಿ ವಿಷಯದಲ್ಲಿ 2017ರ ಕಾಯ್ದೆಯಿದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇರುವವರ ಮೇಲೆ ದ್ವೇಷ ಹುಟ್ಟಿಸುವ ಮಾತನ್ನು ಆಡುವುದನ್ನೂ ಬರೆಯುವುದನ್ನೂ ಅದು ನಿಷೇಧಿಸುತ್ತದೆ.

ಹಾಗಾದರೆ ಹೆಸರನ್ನೇ ಬದಲಿಸಿಬಿಡೋಣವೇ? ಬ್ರೆಜಿಲ್ 1995ರಲ್ಲಿ ಕಾನೂನು ಮಾಡಿ ಸರ್ಕಾರಿ ಕಡತಗಳಿಂದ ‘ಲೆಪ್ರ’ ಪದವನ್ನು ತೆಗೆದು, ರೋಗಾಣುವನ್ನು 1873ರಲ್ಲಿ ಕಂಡುಹಿಡಿದ ನಾರ್ವೆಯ ಹ್ಯಾನ್ಸನ್ ಹೆಸರಿನ ಪದವನ್ನು ತಂದಿತು. ಜಪಾನ್ ಕೂಡ ಹಳೆಯ ಹೆಸರು ಬಿಟ್ಟು ಹ್ಯಾನ್ಸನ್ ಕಾಯಿಲೆ ಎನ್ನುತ್ತದೆ. ಕನ್ನಡದಲ್ಲೂ ಹಾಗೆ ಬರೆಯಬೇಕೆಂಬ ಒತ್ತಾಯಕ್ಕೆ ಬಲವಾದ ಕಾರಣವಿದೆ. ‘ಕುಷ್ಠ’ ತುಂಬ ಹಳೆಯ ಪದ. ಚರಕಸಂಹಿತೆಯಲ್ಲಿ ಅದು ಒಂದು ಕಾಯಿಲೆಯ ಹೆಸರಲ್ಲ. 7 ಮಹಾಕುಷ್ಠ, 11 ಕ್ಷುದ್ರಕುಷ್ಠ ಎಂದು 18 ಬಗೆಯ ಚರ್ಮರೋಗಗಳು ಅದರಡಿ ಬರುತ್ತವೆ. ಕಾರಣಗಳ ಪಟ್ಟಿಯಲ್ಲಿ ಆಹಾರದ ಜೊತೆಗೆ ಪಾಪಕರ್ಮವೂ ಇದೆ. ಆಮೇಲೆ ಸರ್ಪದೋಷ, ನಾಗದೋಷದ ನಂಬಿಕೆಗಳು ಇದಕ್ಕೆ ಅಂಟಿಕೊಂಡವು. ಇಷ್ಟೆಲ್ಲ ಭಾರ ಹೊತ್ತ ಪದವನ್ನು ಯಾಕೆ ಉಳಿಸಿಕೊಳ್ಳಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ.

ಆದರೂ ಕರಪತ್ರದಲ್ಲಿ ‘ಕುಷ್ಠ’ ಇರಲಿ ಎನ್ನುತ್ತೇನೆ. ಹಳ್ಳಿಯ ಗೋಡೆಯ ಮೇಲೆ ‘ಹ್ಯಾನ್ಸನ್ ಕಾಯಿಲೆ’ ಎಂದು ಬರೆದರೆ ಅದು ಯಾರದೋ ದೂರದ ಕಾಯಿಲೆ. ತನ್ನ ತೋಳಿನ ಮೇಲಿನ ಕಲೆಗೂ ಆ ಹೆಸರಿಗೂ ಸಂಬಂಧವಿದೆ ಎಂದು ಓದಿದವರಿಗೆ ಹೊಳೆಯುವುದಿಲ್ಲ. ಪತ್ತೆ ತಡವಾದಷ್ಟೂ ನರ ಹಾಳಾಗುತ್ತದೆ, ನರ ಹಾಳಾದಷ್ಟೂ ಬೆರಳು ಮಡಚುತ್ತದೆ, ಬೆರಳು ಮಡಚಿದಷ್ಟೂ ಜನ ದೂರ ಸರಿಯುತ್ತಾರೆ. ಹೆಸರನ್ನು ಮುಚ್ಚಿಟ್ಟು ಕಳಂಕ ಕಡಿಮೆ ಮಾಡಲು ಹೋದರೆ ಕಳಂಕಕ್ಕೆ ಕಾರಣವಾದ ಅಂಗವೈಕಲ್ಯವೇ ಹೆಚ್ಚಾಗುವ ಅಪಾಯವಿದೆ. ಹೆಸರು ಉಳಿಸಿ, ಅದರ ಸುತ್ತಲಿನ ಮಾತು ಬದಲಿಸಬೇಕು. ಬಿಡಬೇಕಾದದ್ದು ‘ಕುಷ್ಠರೋಗಿ’, ‘ಮಹಾರೋಗ’, ‘ದೊಡ್ಡ ರೋಗ’ದಂಥವು.

ಸುತ್ತಲಿನ ಮಾತು ಎಂದಾಗ ಮೊದಲು ಎದುರಾಗುವುದು ‘ಪೀಡಿತ’. ಪೀಡೆ ಎಂದರೆ ತೊಲಗಬೇಕಾದದ್ದು ಎಂಬ ಭಾವ ಕನ್ನಡಿಗರ ಬಾಯಲ್ಲಿ ಗಟ್ಟಿಯಾಗಿದೆ. ‘ತುತ್ತಾದವರು’, ‘ಬಲಿಯಾದವರು’ ಎಂದರೆ ಮನುಷ್ಯ ಮುಗಿದೇಹೋದ. ‘ಸೋಂಕಿತ’ ಸ್ವಲ್ಪ ವಾಸಿ. ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂದುಹೋದ ಪದವಾದ್ದರಿಂದ ಅದರ ಮೊನೆ ಮೊಂಡಾಗಿದೆ. ಎಚ್‌ಐವಿ ಕೆಲಸದಲ್ಲಿ ‘ಸೋಂಕಿತರು ಮತ್ತು ಬಾಧಿತರು’ ಎಂಬ ಜೋಡಿ ಬಹಳ ಕಾಲದಿಂದ ಬಳಕೆಯಲ್ಲಿದೆ. ವೈರಸ್ ಇರುವವರು ಸೋಂಕಿತರು, ಅದರಿಂದ ಕಷ್ಟಕ್ಕೆ ಸಿಕ್ಕ ಮನೆಮಂದಿ ಬಾಧಿತರು. ಕಚೇರಿಯ ಕಾಗದಕ್ಕೆ ಇದು ಸಾಕು. ಇಂಗ್ಲಿಷ್ ಸೂತ್ರವನ್ನು ಹಿಂಬಾಲಿಸಿ ಬಂದ ‘ಎಚ್‌ಐವಿಯೊಂದಿಗೆ ಜೀವಿಸುತ್ತಿರುವ ವ್ಯಕ್ತಿಗಳು’ ಎಂಬುದೂ ಇದೆ. ಅದರಲ್ಲಿ ತಪ್ಪಿಲ್ಲ, ಆದರೆ ಯಾರೂ ಹಾಗೆ ಮಾತಾಡುವುದಿಲ್ಲ.

ಕನ್ನಡಕ್ಕೆ ಆ ಸೂತ್ರದ ಅಗತ್ಯವೂ ಇರಲಿಲ್ಲ. ನಾವು ‘ಅವರಿಗೆ ಶುಗರ್ ಇದೆ’, ‘ನನಗೆ ಬಿಪಿ ಇದೆ’, ‘ಮಗುವಿಗೆ ಜ್ವರ ಬಂದಿದೆ’ ಎನ್ನುತ್ತೇವೆ. ಮನುಷ್ಯ ಮೊದಲು ಬರುತ್ತಾನೆ, ಕಾಯಿಲೆ ಆಮೇಲೆ. ಕಾಯಿಲೆ ಅವನಿಗೆ ಇರುವ ಒಂದು ಸಂಗತಿ ಅಷ್ಟೇ, ಅವನೇ ಕಾಯಿಲೆಯಲ್ಲ. ಬೇರೆ ಭಾಷೆಯವರು ಸಮಿತಿ ಕೂಡಿಸಿ ತಂದದ್ದು ನಮ್ಮ ಚತುರ್ಥಿಯಲ್ಲೇ ಇದೆ. ‘ಎಚ್‌ಐವಿ ಇರುವವರು’ ಎಂದರೆ ಸಾಕು. ಕುಷ್ಠಕ್ಕೆ ಕಾಲವೂ ಸೇರುತ್ತದೆ: ಮಾತ್ರೆ ನಡೆಯುತ್ತಿರುವಾಗ ‘ಕುಷ್ಠಕ್ಕೆ ಚಿಕಿತ್ಸೆ ಪಡೆಯುತ್ತಿರುವವರು’, ಮುಗಿದ ಮೇಲೆ ‘ಕುಷ್ಠ ವಾಸಿಯಾದವರು’. ಬೆರಳಿನ ತೊಂದರೆ ಉಳಿದಿದ್ದರೆ ಅದನ್ನು ಅಂಗವೈಕಲ್ಯ ಎಂದೇ ಕರೆಯಬೇಕು. ಆಗ ಆ ಅಜ್ಜಿ ಪಿಂಚಣಿಗೂ ಪಾದರಕ್ಷೆಗೂ ಹಕ್ಕುದಾರರಾಗುತ್ತಾರೆ, ಕಾಯಿಲೆಯ ಹೆಸರು ಹೊತ್ತು ತಿರುಗಬೇಕಾಗಿಲ್ಲ.

ಅನುಮಾನ ಬಂದಾಗ ಸಕ್ಕರೆ ಕಾಯಿಲೆಯನ್ನು ಆ ವಾಕ್ಯದಲ್ಲಿ ಕೂರಿಸಿ ನೋಡಬಹುದು. ‘ಸಕ್ಕರೆ ಕಾಯಿಲೆ ಪೀಡಿತರನ್ನು ಮುಖ್ಯವಾಹಿನಿಗೆ ತರೋಣ’ ಎಂದು ಯಾರಾದರೂ ಬ್ಯಾನರ್ ಹಾಕುತ್ತಾರೆಯೇ? ಮುಖ್ಯವಾಹಿನಿಗೆ ತರೋಣ ಎಂದ ಕೂಡಲೇ ಅವರು ಹೊರಗಿದ್ದಾರೆ ಎಂದು ನಾವೇ ಸಾರಿದಂತಾಗುತ್ತದೆ. ‘ಶಾಪವಲ್ಲ, ಪೂರ್ವಜನ್ಮದ ಪಾಪವಲ್ಲ’ ಎಂಬ ಘೋಷಣೆಯದೂ ಇದೇ ಕಥೆ. ಹತ್ತು ವರ್ಷದ ಹುಡುಗಿಗೆ ಶಾಪದ ವಿಷಯ ಗೊತ್ತೇ ಇರುವುದಿಲ್ಲ. ಶಾಲೆಯ ಗೋಡೆ ಓದಿ ಅವಳಿಗೆ ಗೊತ್ತಾಗುತ್ತದೆ. ನೆನಪಿನಲ್ಲಿ ಉಳಿಯುವುದು ‘ಶಾಪ’, ‘ಪಾಪ’ ಎಂಬ ಎರಡು ಪದ. ‘ಅಲ್ಲ’ ಉದುರಿಹೋಗುತ್ತದೆ. ಯಾರಾದರೂ ಎದುರಿಗೆ ಕೇಳಿದರೆ ಅಲ್ಲ ಎಂದು ವಿವರಿಸಿ ಹೇಳಲೇಬೇಕು. ಆದರೆ ಗೋಡೆಯ ಮೇಲೆ, ಕೇಳದವರಿಗೂ ಅದನ್ನು ಹಂಚಬೇಕಾಗಿಲ್ಲ.

ಈಗ ಒಂದು ಕರಪತ್ರವನ್ನೇ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಕಾಣುವ ಸಾಲುಗಳನ್ನು ಸೇರಿಸಿ ನಾನೇ ಬರೆದ ಮಾದರಿ ಇದು:

‘ಕುಷ್ಠರೋಗವು ಒಂದು ಸಾಂಕ್ರಾಮಿಕ ರೋಗವಾಗಿದ್ದು, ಶಾಪ ಅಥವಾ ಪಾಪದಿಂದ ಬರುವಂಥದ್ದಲ್ಲ. ಸ್ಪರ್ಶಜ್ಞಾನವಿಲ್ಲದ ಮಚ್ಚೆಗಳುಳ್ಳ ಶಂಕಿತ ರೋಗಿಗಳು ಕಂಡುಬಂದಲ್ಲಿ ಕೂಡಲೇ ಆರೋಗ್ಯ ಸಿಬ್ಬಂದಿಗೆ ಮಾಹಿತಿ ನೀಡಿ. ರೋಗಿಯು ತನ್ನ ಚಿಕಿತ್ಸೆಯನ್ನು ನಿರ್ಲಕ್ಷಿಸಿದಲ್ಲಿ ಅಂಗವಿಕಲನಾಗುತ್ತಾನೆ.’

ಇದು ಯಾರಿಗೆ ಬರೆದದ್ದು? ಕಲೆ ಇರುವವರಿಗಲ್ಲ, ಅವರ ನೆರೆಯವರಿಗೆ. ಕಲೆ ಇರುವವನು ಇಲ್ಲಿ ಇನ್ನೊಬ್ಬರ ಕಣ್ಣಿಗೆ ‘ಕಂಡುಬರುವ’ ವಸ್ತು. ‘ಶಂಕಿತ’ ಎಂಬ ಪದವನ್ನು ಕನ್ನಡಿಗರು ದಿನವೂ ಓದುವುದು ‘ಶಂಕಿತ ಉಗ್ರ’ ಎಂಬ ಸುದ್ದಿಯಲ್ಲಿ. ಅದರ ಜೊತೆ ‘ಪತ್ತೆ’, ‘ಪ್ರಕರಣ’, ‘ಮಾಹಿತಿ ನೀಡಿ’ ಸೇರಿದರೆ ಇಡೀ ಕರಪತ್ರಕ್ಕೆ ಪೊಲೀಸ್ ಠಾಣೆಯ ದನಿ ಬರುತ್ತದೆ. ಮಧ್ಯದಲ್ಲಿ ಮಾತ್ರೆ ಬಿಟ್ಟವರನ್ನು ‘ತಪ್ಪಿಸಿಕೊಂಡವರು’ ಎನ್ನುವುದೂ ಇದೇ ದನಿ. ಕೂಲಿಗೆ ಬೆಂಗಳೂರಿಗೋ ಗೋವಾಕ್ಕೋ ಹೋದವರು ಅವರು, ಓಡಿಹೋದವರಲ್ಲ. ಕೊನೆಯ ಸಾಲಿನ ಏಕವಚನ ನನಗೆ ಎಲ್ಲಕ್ಕಿಂತ ನೋವು ಕೊಡುತ್ತದೆ. ಮನೆಬಾಗಿಲಿಗೆ ಬಂದ ಅಪರಿಚಿತರನ್ನೂ ‘ನೀವು’ ಎನ್ನುವ ಜನ ನಾವು. ರೋಗ ಬಂದ ಕೂಡಲೇ ‘ಅವನು’ ಎಂದು ಇಳಿಯುವುದು ಯಾಕೆ?

ಇನ್ನು ‘ಮಚ್ಚೆ’. ವೈದ್ಯಕೀಯ ಕನ್ನಡದಲ್ಲಿ ಅದು ಚರ್ಮದ ಮೇಲಿನ ಬಣ್ಣ ಬದಲಾದ ಭಾಗ. ಮನೆಮಾತಿನಲ್ಲಿ ಮಚ್ಚೆ ಎಂದರೆ ಹುಟ್ಟುಮಚ್ಚೆ, ಕೆನ್ನೆಯ ಮೇಲಿನ ಕಪ್ಪು ಚುಕ್ಕಿ. ಆಶಾ ಕಾರ್ಯಕರ್ತೆ ‘ಮೈಮೇಲೆ ಮಚ್ಚೆ ಐತೇನಕ್ಕಾ?’ ಎಂದು ಕೇಳಿದರೆ ‘ಐತಲ್ಲ, ಬೆನ್ನ ಮ್ಯಾಲೆ, ಹುಟ್ಟಿದಾಗಿಂದ’ ಎಂಬ ಉತ್ತರ ಬರುವುದು ಸಹಜ. ಅತ್ತ ನಿಜವಾದ ಕಲೆ ಇರುವವರು ಅದನ್ನು ಚಿಬ್ಬು ಎಂದೋ, ಹುಳುಕಡ್ಡಿ ಎಂದೋ, ಉತ್ತರ ಕರ್ನಾಟಕದಲ್ಲಾದರೆ ಗಜಕರ್ಣ ಎಂದೋ ತಿಳಿದು ಅಂಗಡಿಯ ಮುಲಾಮು ಹಚ್ಚುತ್ತಿರುತ್ತಾರೆ. ತೊನ್ನು ಇರುವವರು ಮಾತ್ರ ಸುಮ್ಮನೆ ಹೆದರುತ್ತಾರೆ, ಏಕೆಂದರೆ ಕೆಲವು ಕಡೆ ತೊನ್ನು, ಕುಷ್ಠ ಎರಡನ್ನೂ ಒಂದೇ ಎಂದುಕೊಂಡವರಿದ್ದಾರೆ. ಇದನ್ನು ಬಿಡಿಸಿ ಹೇಳುವುದು ಕಷ್ಟವಿಲ್ಲ. ತೊನ್ನಿನ ಕಲೆ ಹಾಲಿನಂತೆ ಬೆಳ್ಳಗಿರುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ಹುಳುಕಡ್ಡಿ ತುರಿಸುತ್ತದೆ. ಕುಷ್ಠದ ಕಲೆ ಸುತ್ತಲಿನ ಚರ್ಮಕ್ಕಿಂತ ತುಸು ತಿಳಿಯಾಗಿರುತ್ತದೆ ಅಥವಾ ಕೆಂಪಗೆ, ತಾಮ್ರದ ಬಣ್ಣಕ್ಕಿರುತ್ತದೆ. ನೋಯುವುದಿಲ್ಲ, ಸಾಮಾನ್ಯವಾಗಿ ತುರಿಸುವುದಿಲ್ಲ, ಹೆಚ್ಚಿನವರಲ್ಲಿ ಮುಟ್ಟಿದ್ದು ಗೊತ್ತಾಗುವುದಿಲ್ಲ. ‘ಸ್ಪರ್ಶಜ್ಞಾನ’ ಎಂದರೆ ಎಷ್ಟೋ ಜನರಿಗೆ ಅರ್ಥವಾಗುವುದಿಲ್ಲ. ‘ಮುಟ್ಟಿದರೂ ಗೊತ್ತಾಗಲ್ಲ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

‘ಸಾಂಕ್ರಾಮಿಕ’ ಎಂದರೆ ಈಗ ಜನ ಕೋವಿಡ್ ನೆನೆಯುತ್ತಾರೆ. ‘ಅಂಟುರೋಗ’ ಇನ್ನೂ ಕೆಟ್ಟದ್ದು. ‘ಅಂಟು’ ಎಂಬುದಕ್ಕೆ ಮೈಲಿಗೆ ಎಂಬ ಅರ್ಥವೂ ಇರುವುದರಿಂದ ಕಾಯಿಲೆಯ ಭಯದ ಜೊತೆ ಜಾತಿಯ ಭಯವೂ ಒಳಗೆ ಬರುತ್ತದೆ. ವಾಸ್ತವದಲ್ಲಿ ಬಹುಪಾಲು ಜನರಿಗೆ ಕುಷ್ಠದ ರೋಗಾಣುವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಚಿಕಿತ್ಸೆ ಪಡೆಯದವರ ಜೊತೆ ಬಹಳ ಕಾಲ ಒಡನಾಡಿದಾಗ ಮಾತ್ರ ಅದು ದಾಟುತ್ತದೆ. ಮಾತ್ರೆ ಶುರುವಾದ ಕೂಡಲೇ ಆ ಹಾದಿ ಮುಚ್ಚತೊಡಗುತ್ತದೆ. ರಿಫಾಂಪಿಸಿನ್‌ನ ಮೊದಲ ಡೋಸೇ ರೋಗಾಣುಗಳಲ್ಲಿ ಹೆಚ್ಚಿನವನ್ನು ಕೊಲ್ಲುತ್ತದೆ.

ಅದೇ ಕರಪತ್ರವನ್ನು ಹೀಗೆ ಬರೆಯಬಹುದು:

‘ನಿಮ್ಮ ಮೈಮೇಲೆ ತಿಳಿ ಬಣ್ಣದ ಅಥವಾ ಕೆಂಪಗಿನ ಕಲೆ ಇದೆಯೇ? ಅಲ್ಲಿ ಮುಟ್ಟಿದರೂ ಬಿಸಿ ತಾಗಿದರೂ ಗೊತ್ತಾಗುವುದಿಲ್ಲವೇ? ಕೈಕಾಲು ಜೋಮು ಹಿಡಿದಂತೆ ಇರುತ್ತದೆಯೇ? ಕಿವಿ, ಮುಖದ ಚರ್ಮ ದಪ್ಪವಾಗಿ ಹೊಳೆಯುತ್ತಿದೆಯೇ? ಕುಷ್ಠ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಪರೀಕ್ಷೆಗೂ ಮಾತ್ರೆಗೂ ದುಡ್ಡಿಲ್ಲ. ವೈದ್ಯರು ಹೇಳಿದಂತೆ 6 ಅಥವಾ 12 ತಿಂಗಳು ಮಾತ್ರೆ ತೆಗೆದುಕೊಂಡರೆ ಕಾಯಿಲೆ ವಾಸಿಯಾಗುತ್ತದೆ. ಮಾತ್ರೆ ನಡೆಯುವಾಗ ಮನೆಯಲ್ಲೇ ಇರಿ, ಕೆಲಸಕ್ಕೆ ಹೋಗಿ, ಎಲ್ಲರ ಜೊತೆ ಊಟ ಮಾಡಿ. ಬೇಗ ಬಂದರೆ ಕೈಕಾಲಿನ ಶಕ್ತಿ ಉಳಿಯುತ್ತದೆ.’

‘ಎಲ್ಲರ ಜೊತೆ ಊಟ ಮಾಡಿ’ ಎಂಬ ಸಾಲಿನಲ್ಲಿ ಕಳಂಕ, ಭೇದಭಾವ ಎಂಬ ಪದಗಳಿಲ್ಲ. ಆದರೆ ಅತ್ತೆ ತಟ್ಟೆ ಬೇರೆ ಇಟ್ಟಾಗ ಸೊಸೆ ಅವರ ಮುಂದೆ ಹಿಡಿಯಬಹುದಾದ ಸಾಲು ಅದು.

ಒಳ್ಳೆಯ ಮಾತಿನ ಭರದಲ್ಲಿ ಅತಿಯಾದ ಭರವಸೆ ಕೊಡುವುದೂ ತಪ್ಪೇ. ‘ಪೂರ್ಣ ಗುಣಮುಖ’ ಎಂದು ಓದಿದವರು ಮಾತ್ರೆ ಮುಗಿಸಿದ ಮೇಲೂ ಕಲೆಯಲ್ಲಿ ಸ್ಪರ್ಶ ಮರಳದಿದ್ದಾಗ ಔಷಧಿಯೇ ಸುಳ್ಳು ಎನ್ನುತ್ತಾರೆ. ರೋಗಾಣು ಹೋಗಿದೆ, ಹಾಳಾದ ನರ ಹಾಗೆಯೇ ಉಳಿಯಬಹುದು ಎಂಬುದನ್ನು ಮೊದಲೇ ಹೇಳಬೇಕು. ಚಿಕಿತ್ಸೆಯ ನಡುವೆ ಅಥವಾ ಮುಗಿದ ಮೇಲೂ ಕಲೆ ಕೆಂಪಾಗಿ ಊದಿಕೊಂಡು ನರ ನೋಯುವ ‘ರಿಯಾಕ್ಷನ್’ ಬರಬಹುದು. ಆಗ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕ್ಲೋಫಾಜಿಮಿನ್‌ನಿಂದ ಚರ್ಮ ಕಪ್ಪಾಗುತ್ತದೆ. ನೆರೆಯವರು ‘ಯಾಕೆ ಹಿಂಗಾದೆ?’ ಎಂದು ಕೇಳತೊಡಗುವುದು ಆಗಲೇ, ಮಾತ್ರೆ ಬಿಡಬೇಕೆನ್ನಿಸುವುದೂ ಆಗಲೇ. ಮಾತ್ರೆ ಮುಗಿದ ಕೆಲವು ತಿಂಗಳಲ್ಲಿ ಬಣ್ಣ ನಿಧಾನವಾಗಿ ಮರಳುತ್ತದೆ ಎಂಬ ಒಂದು ಸಾಲು ಕಳಂಕದ ಬಗ್ಗೆ ಬರೆದ ಇಡೀ ಪುಟಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಬೆರಳು ಉದುರುತ್ತದೆ ಎಂಬ ಮಾತಿಗೂ ಇಲ್ಲೇ ಉತ್ತರವಿದೆ: ಬೆರಳನ್ನು ಕಾಯಿಲೆ ತಿನ್ನುವುದಿಲ್ಲ. ನೋವು ಗೊತ್ತಾಗದ ಕೈ ಒಲೆಯ ಬಿಸಿಗೆ ಸುಡುತ್ತದೆ, ಗಾಯ ಹಾಗೇ ಉಳಿದು ಎಲುಬು ಸವೆಯುತ್ತದೆ. ಬಟ್ಟೆ ಹಿಡಿದು ಪಾತ್ರೆ ಇಳಿಸಿದರೆ ಅದನ್ನು ತಡೆಯಬಹುದು.

‘ನಿರ್ಮೂಲನೆ’ ಎಂಬ ಪದದ ಬಗ್ಗೆಯೂ ಒಂದು ಮಾತು. ಕುಷ್ಠ ನಿರ್ಮೂಲನೆಯ ಹೆಸರಿನಲ್ಲಿ ಭಾರತ 2005ರ ಡಿಸೆಂಬರ್‌ನಲ್ಲಿ ಸಾಧಿಸಿದ್ದು 10,000 ಜನರಿಗೆ ಒಬ್ಬರಿಗಿಂತ ಕಡಿಮೆ ಎಂಬ ರಾಷ್ಟ್ರಮಟ್ಟದ ಗುರಿಯನ್ನು. ಕನ್ನಡದಲ್ಲಿ ನಿರ್ಮೂಲನೆ ಎಂದರೆ ಬೇರುಸಹಿತ ಹೋಯಿತು ಎಂದೇ ಅರ್ಥ. ಇಲ್ಲದ ಕಾಯಿಲೆ ತನಗೆ ಮಾತ್ರ ಬಂದಿದೆ ಎಂದು ತಿಳಿದವರ ಒಂಟಿತನ ಎಷ್ಟಿರಬಹುದು.

ಎಚ್‌ಐವಿಗೆ ಬಂದರೆ ತೊಡಕುಗಳು ಬೇರೆ. ‘ಏಡ್ಸ್ ರೋಗಿ’ ಎಂಬುದನ್ನು ಬಿಡಬೇಕೆಂದು ಬಹಳ ಜನರಿಗೆ ಗೊತ್ತಾಗಿದೆ. ವೈರಸ್ ಇದ್ದ ಮಾತ್ರಕ್ಕೆ ಏಡ್ಸ್ ಹಂತ ತಲುಪಿದಂತಲ್ಲ, ಮಾತ್ರೆ ನಡೆಯುತ್ತಿದ್ದರೆ ಹೆಚ್ಚಿನವರು ಅಲ್ಲಿಗೆ ಹೋಗುವುದೇ ಇಲ್ಲ. ‘ಮಾರಕ ರೋಗ’, ‘ಹೆಮ್ಮಾರಿ’ ಈಗಲೂ ಬ್ಯಾನರುಗಳಲ್ಲಿ ಇಣುಕುತ್ತವೆ. ಔಷಧಿ ಕೈಗೆಟುಕದ ಕಾಲದ ಪದಗಳು ಅವು. ಸಾಯುವುದು ಖಚಿತ ಎಂದವರಿಗೆ ಪರೀಕ್ಷೆ ಮಾಡಿಸಿಕೊಳ್ಳಲು ಯಾವ ಕಾರಣವೂ ಉಳಿಯುವುದಿಲ್ಲ.

ಹೆಚ್ಚು ಹಾನಿ ಮಾಡುವುದು ನೀತಿಯ ಪದಗಳು. ‘ಅನೈತಿಕ ಸಂಬಂಧದಿಂದ ಹರಡುತ್ತದೆ’ ಎಂಬ ಸಾಲು ವಿಜ್ಞಾನವಾಗಿ ಸುಳ್ಳು. ವೈರಸ್ ತಾಳಿ ನೋಡಿ ನಿಲ್ಲುವುದಿಲ್ಲ. ಮದುವೆಯಾದ ಗಂಡನಿಂದಲೇ ಸೋಂಕು ತಗುಲಿದ ಹೆಣ್ಣುಮಕ್ಕಳು ನಮ್ಮ ರಾಜ್ಯದಲ್ಲಿ ಎಷ್ಟೋ ಜನ. ‘ನೈತಿಕ ಜೀವನ ನಡೆಸಿ’ ಎಂಬ ಬ್ಯಾನರಿನ ಕೆಳಗೆ ಎಆರ್‌ಟಿ ಸಾಲಿನಲ್ಲಿ ನಿಂತ ಅವರಿಗೆ ಅದು ಏನು ಹೇಳುತ್ತದೆ? ‘ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕದಿಂದ’ ಎಂದು ಬರೆದರೆ ಸತ್ಯವೂ ಹೌದು, ಏನು ಮಾಡಬೇಕೆಂಬುದೂ ಅದರಲ್ಲೇ ಇದೆ. ‘ಮುಗ್ಧ ಮಕ್ಕಳು’, ‘ಏನೂ ತಪ್ಪು ಮಾಡದ ಹೆಂಡತಿ’ ಎಂಬ ಕನಿಕರದಲ್ಲೂ ಅಪಾಯವಿದೆ, ಇನ್ನುಳಿದವರೆಲ್ಲ ತಪ್ಪಿತಸ್ಥರೆಂದು ಅದು ಸದ್ದಿಲ್ಲದೆ ಹೇಳುತ್ತದೆ. ‘ತಾಯಿಯಿಂದ ಮಗುವಿಗೆ’ ಎಂಬುದು ಕಾರ್ಯಕ್ರಮದ ಭಾಷೆ. ಮನೆಗೆ ಕೊಡುವ ಕಾಗದದಲ್ಲಿ ‘ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನ ಮೂಲಕ ಮಗುವಿಗೆ’ ಎಂದರೆ ಅದೇ ಮಾಹಿತಿ, ತಾಯಿಯ ಕಡೆ ಬೆರಳು ತೋರಿಸುವುದಿಲ್ಲ.

ಕನ್ನಡದಲ್ಲಿ ಇನ್ನೂ ಸರಿಯಾಗಿ ಕೂರದ ಸಂಗತಿ ಒಂದಿದೆ. ಮಾತ್ರೆ ತಪ್ಪದೆ ತೆಗೆದುಕೊಳ್ಳುವವರ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು, ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಅದು ಸಂಗಾತಿಗೆ ಹರಡುವುದಿಲ್ಲ. ಕಳಂಕ ಕರಗಿಸಲು ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ. ಆದರೆ ವರದಿ ನೋಡಿ ‘ವೈರಸ್ ಪತ್ತೆಯಾಗಿಲ್ಲ’ ಎಂದರೆ ಕೇಳಿದವರಿಗೆ ‘ವೈರಸ್ ಇಲ್ಲ’ ಎಂದೇ ಕೇಳಿಸುತ್ತದೆ, ಮಾತ್ರೆ ನಿಂತುಹೋಗುತ್ತದೆ, ವೈರಸ್ ಮತ್ತೆ ಏರುತ್ತದೆ. ನನ್ನ ಸಲಹೆ ಇದು: ‘ಮಾತ್ರೆ ಕೆಲಸ ಮಾಡುತ್ತಿದೆ. ವೈರಸ್ ಒಳಗಿದೆ, ಆದರೆ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿದೆ. ಮಾತ್ರೆ ಬಿಡದಿದ್ದರೆ ಹೀಗೇ ಇರುತ್ತದೆ. ಹೀಗಿರುವಾಗ ನಿಮ್ಮ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಬರುವುದಿಲ್ಲ.’ ಉದ್ದವಾಯಿತು, ನಿಜ. ಇದನ್ನು ಘೋಷಣೆಯಾಗಿ ಕುಗ್ಗಿಸಿದರೆ ಮಾತ್ರೆಯ ಷರತ್ತೇ ಕಳಚಿಹೋಗುತ್ತದೆ. ಎದೆಹಾಲಿಗೆ ಇದನ್ನು ಹಾಗೆಯೇ ಅನ್ವಯಿಸುವಂತಿಲ್ಲ. ಅಲ್ಲಿ ಅಪಾಯ ಬಹಳ ಇಳಿಯುತ್ತದೆ, ಪೂರ್ತಿ ಹೋಗುತ್ತದೆ ಎನ್ನಲಾಗದು. ಆ ಸಾಲು ಬೇರೆಯಾಗಿಯೇ ಇರಬೇಕು.

ಯಾವ ಮಾತು ಸರಿ ಎಂಬುದು ಕೊನೆಗೆ ತೀರ್ಮಾನವಾಗಬೇಕಾದದ್ದು ಅಚ್ಚಿಗೆ ಕೊಡುವ ಮುಂಚೆ ಅದನ್ನು ಓದಿಸಿ ನೋಡಿದಾಗ. ಕರಡನ್ನು ಗಟ್ಟಿಯಾಗಿ ಓದಿ, ‘ಇದರಲ್ಲಿ ಏನು ಹೇಳಿದೆ, ನಿಮ್ಮ ಮಾತಲ್ಲಿ ಹೇಳಿ’ ಎಂದು ಕೇಳಬೇಕು. ‘ಅರ್ಥ ಆಯ್ತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಕೇಳುವವರಲ್ಲಿ ಕುಷ್ಠ ವಾಸಿಯಾದವರು, ಎಚ್‌ಐವಿ ಇರುವವರು ಇರಲೇಬೇಕು. ಕೆಲವರು ತಮ್ಮನ್ನು ‘ಪಾಸಿಟಿವ್’ ಎಂದೇ ಕರೆದುಕೊಳ್ಳುತ್ತಾರೆ, ಅದು ಅವರು ಆರಿಸಿಕೊಂಡ ಪದ, ತಿದ್ದುವುದು ನಮ್ಮ ಕೆಲಸವಲ್ಲ. ಕಲಬುರಗಿಗೆ ಬರೆದದ್ದು ಮೈಸೂರಿಗೆ ಹೊಂದಬೇಕೆಂದೇನೂ ಇಲ್ಲ. ಅಲ್ಲಿ ಜಡ್ಡು, ಗುಳಿಗಿ, ದವಾಖಾನಿ, ಇಲ್ಲಿ ಕಾಯಿಲೆ, ಮಾತ್ರೆ, ಆಸ್ಪತ್ರೆ. ಅತ್ತೆಯ ಪಾತ್ರಕ್ಕೆ ಒಬ್ಬರನ್ನು, ಸೊಸೆಯ ಪಾತ್ರಕ್ಕೆ ಒಬ್ಬರನ್ನು ಕೂರಿಸಿ ಓದಿಸಿದರೆ ಎಲ್ಲಿ ಧ್ವನಿ ತಗ್ಗುತ್ತದೆ, ಎಲ್ಲಿ ‘ಆ ಕಾಯಿಲೆ’ ಎಂದು ಹೆಸರು ನುಂಗುತ್ತಾರೆ ಎಂಬುದು ಬೇಗ ಗೊತ್ತಾಗುತ್ತದೆ. ತಿದ್ದಬೇಕಾದ ಸಾಲು ಅದು.